ಕೀಟೋ ಆಹಾರದಲ್ಲಿ ಕ್ರಿಯಾಟಿನ್: ಸ್ನಾಯುವಿನ ದಾಸ್ತಾನು ತುಂಬುವ ಬಗೆ

ಕ್ರಿಯಾಟಿನ್ ಪುಡಿಯನ್ನು ಹಣ್ಣಿನ ರಸದಲ್ಲೋ ಸಕ್ಕರೆ ನೀರಿನಲ್ಲೋ ಕಲಸಿ ಕುಡಿಯಬೇಕು, ಇಲ್ಲದಿದ್ದರೆ ಅದು ಸ್ನಾಯುವಿಗೆ ಸೇರುವುದಿಲ್ಲ ಎಂಬ ಮಾತು ಜಿಮ್‌ಗಳಲ್ಲಿ ಹಳೆಯದು. ಆದರೆ ದಿನಕ್ಕೆ 20ರಿಂದ 50 ಗ್ರಾಂ ಕಾರ್ಬೋಹೈಡ್ರೇಟ್ ಮಾತ್ರ ತಿನ್ನುವ ಕೀಟೋ ಆಹಾರದವರು ಹಣ್ಣಿನ ರಸವನ್ನೂ ಮುಟ್ಟುವುದಿಲ್ಲ, ಸಕ್ಕರೆಯನ್ನೂ ಮುಟ್ಟುವುದಿಲ್ಲ. ಅಂಥವರ ಸ್ನಾಯುವಿನಲ್ಲಿ ಕ್ರಿಯಾಟಿನ್ ದಾಸ್ತಾನು ಉಳಿದವರಷ್ಟೇ ತುಂಬುತ್ತದೆಯೇ ಎಂಬುದು ನ್ಯಾಯವಾದ ಪ್ರಶ್ನೆ. ತುಂಬುವ ಮಟ್ಟ ಹೆಚ್ಚುಕಡಿಮೆ ಒಂದೇ, ತುಂಬಲು ಹಿಡಿಯುವ ಕಾಲ ಬೇರೆಯಾಗಬಹುದು ಎಂಬುದು ಇದುವರೆಗಿನ ಪ್ರಯೋಗಗಳಿಂದ ಹೊರಡುವ ಉತ್ತರ. ಈ ಪ್ರಯೋಗಗಳಲ್ಲಿ ಮುಖ್ಯವಾದವು ನಡೆದದ್ದು ಸಾಮಾನ್ಯ ಊಟ ಮಾಡುವವರ ಮೇಲೆ. ಆದ್ದರಿಂದ ಕೀಟೋ ಆಹಾರಕ್ಕೆ ಸಂಬಂಧಿಸಿದ ಉತ್ತರವನ್ನು ದೇಹದ ಕಾರ್ಯವಿಧಾನದ ಮೂಲಕ ಹಂತ ಹಂತವಾಗಿ ತರ್ಕಿಸಿ ಪಡೆಯಬೇಕಾಗುತ್ತದೆ.

ದಾಸ್ತಾನು ಎಂದರೆ ಎಷ್ಟು?

ಕ್ರಿಯಾಟಿನ್ ಹೊರಗಿನಿಂದಲೇ ಬರಬೇಕಾದ ವಸ್ತುವಲ್ಲ. ಆರ್ಜಿನಿನ್, ಗ್ಲೈಸಿನ್ ಮತ್ತು ಮೆಥಿಯೋನಿನ್ ಎಂಬ ಮೂರು ಅಮೈನೋ ಆಮ್ಲಗಳಿಂದ ದೇಹವೇ ಅದನ್ನು ತಯಾರಿಸುತ್ತದೆ. ಮೊದಲ ಹಂತ ಮುಖ್ಯವಾಗಿ ಮೂತ್ರಪಿಂಡದಲ್ಲಿ, ಎರಡನೆಯದು ಯಕೃತ್ತಿನಲ್ಲಿ ನಡೆಯುತ್ತದೆ. ಹೀಗೆ ದಿನಕ್ಕೆ ಸುಮಾರು ಒಂದು ಗ್ರಾಂ ಉತ್ಪತ್ತಿಯಾಗುತ್ತದೆ. ಮಾಂಸ, ಮೀನು ತಿನ್ನುವವರಿಗೆ ಆಹಾರದಿಂದ ಇನ್ನೊಂದು ಗ್ರಾಂನಷ್ಟು ಸಿಗುತ್ತದೆ. ಒಂದು ಕಿಲೋ ಹಸಿ ಮಾಂಸದಲ್ಲಿ ನಾಲ್ಕೈದು ಗ್ರಾಂ ಕ್ರಿಯಾಟಿನ್ ಇರುತ್ತದೆ. ಹಾಲಿನಲ್ಲಿ ಇರುವುದು ತೀರ ಕಡಿಮೆ, ಧಾನ್ಯ, ಬೇಳೆ, ತರಕಾರಿಗಳಲ್ಲಿ ಇಲ್ಲವೆಂದೇ ಹೇಳಬಹುದು.

70 ಕಿಲೋ ತೂಗುವ ಗಂಡಸಿನ ದೇಹದಲ್ಲಿ ಒಟ್ಟು ಸುಮಾರು 120 ಗ್ರಾಂ ಕ್ರಿಯಾಟಿನ್ ಇರುತ್ತದೆ. ಅದರಲ್ಲಿ ನೂರಕ್ಕೆ 95 ಪಾಲು ಇರುವುದು ಸ್ನಾಯುಗಳಲ್ಲೇ. ಸ್ನಾಯುವಿನೊಳಗೆ ಅದರ ಹೆಚ್ಚಿನ ಭಾಗ ಫಾಸ್ಫೇಟ್ ಜೊತೆ ಸೇರಿ ಫಾಸ್ಫೋಕ್ರಿಯಾಟಿನ್ ಆಗಿರುತ್ತದೆ. ಭಾರ ಎತ್ತುವಾಗ, ಮೆಟ್ಟಿಲು ಓಡಿ ಹತ್ತುವಾಗ ಮೊದಲ ಕೆಲವು ಸೆಕೆಂಡುಗಳಲ್ಲಿ ಖರ್ಚಾಗುವ ಶಕ್ತಿಯನ್ನು ಅಷ್ಟೇ ಬೇಗ ಮತ್ತೆ ಒದಗಿಸುವುದು ಈ ಫಾಸ್ಫೋಕ್ರಿಯಾಟಿನ್.

ದಾಸ್ತಾನು ನಿಂತಲ್ಲೇ ನಿಂತಿರುವುದಿಲ್ಲ. ಪ್ರತಿದಿನ ಅದರಲ್ಲಿ ನೂರಕ್ಕೆ 1.7ರಷ್ಟು ತಾನಾಗಿಯೇ ಕ್ರಿಯಾಟಿನಿನ್ ಎಂಬ ಬೇರೊಂದು ವಸ್ತುವಾಗಿ ಮಾರ್ಪಟ್ಟು ಮೂತ್ರದಲ್ಲಿ ಹೊರಹೋಗುತ್ತದೆ. 120 ಗ್ರಾಂ ದಾಸ್ತಾನಿನಿಂದ ದಿನಕ್ಕೆ ಎರಡು ಗ್ರಾಂ ಹೀಗೆ ಕಳೆದುಹೋಗುತ್ತದೆ. ಈ ನಷ್ಟವೂ ಮೇಲೆ ಹೇಳಿದ ಗಳಿಕೆಯೂ ಸರಿಸಮವಾಗಿರುವುದರಿಂದಲೇ ಮಾಮೂಲು ಊಟ ಮಾಡುವವರ ಮಟ್ಟ ವರ್ಷಗಟ್ಟಲೆ ಬದಲಾಗದೆ ಉಳಿಯುತ್ತದೆ.

ಪ್ರಯೋಗಾಲಯಗಳಲ್ಲಿ ಈ ಮಟ್ಟವನ್ನು ಅಳೆಯುವುದು ತೊಡೆಯ ಸ್ನಾಯುವಿನಿಂದ ಸೂಜಿಯಲ್ಲಿ ತೆಗೆದ ಚೂರನ್ನು ಒಣಗಿಸಿ. ಒಂದು ಕಿಲೋ ಒಣ ಸ್ನಾಯುವಿಗೆ ಇಷ್ಟು ಮಿಲಿಮೋಲ್ ಎಂದು ಲೆಕ್ಕ ಹೇಳುತ್ತಾರೆ. ಸಾಮಾನ್ಯರಲ್ಲಿ ಇದು 120ರ ಆಸುಪಾಸಿನಲ್ಲಿರುತ್ತದೆ, ಸಸ್ಯಾಹಾರಿಗಳಲ್ಲಿ ಅದಕ್ಕಿಂತ ಕಡಿಮೆ. ಪುಡಿ ತಿಂದು ಏರಿಸಿದರೂ ಬಹುತೇಕ ಎಲ್ಲರಲ್ಲೂ 160ರ ಹತ್ತಿರ ಬಂದು ನಿಲ್ಲುತ್ತದೆ. ಆ ಮೇಲಂಚನ್ನು ದಾಟಿ ತುಂಬಿಸಲು ಯಾವ ಉಪಾಯವೂ ಇದುವರೆಗೆ ಫಲಿಸಿಲ್ಲ.

ಸ್ನಾಯುವಿನೊಳಗೆ ಹೋಗುವ ದಾರಿ

ರಕ್ತದಲ್ಲಿರುವ ಕ್ರಿಯಾಟಿನ್ ಸ್ನಾಯುಕೋಶದ ಪೊರೆಯನ್ನು ತಾನಾಗಿ ದಾಟಲಾರದು. ಪೊರೆಯಲ್ಲಿ ಅದಕ್ಕೆಂದೇ ಒಂದು ವಾಹಕ ಪ್ರೋಟೀನ್ ಇದೆ. ಕ್ರಿಯಾಟಿನ್ ಅಣುವೊಂದನ್ನು ಒಳಗೆ ಎಳೆದುಕೊಳ್ಳುವಾಗ ಅದು ಜೊತೆಗೆ ಸೋಡಿಯಂ ಮತ್ತು ಕ್ಲೋರೈಡ್ ಅಯಾನುಗಳನ್ನೂ ಒಯ್ಯುತ್ತದೆ. ಎಳೆಯುವ ಬಲ ಬರುವುದು ಸೋಡಿಯಂನಿಂದ. ಕೋಶದ ಹೊರಗೆ ಸೋಡಿಯಂ ಹೆಚ್ಚು, ಒಳಗೆ ಕಡಿಮೆ. ಹೊರಗಿನ ಸೋಡಿಯಂ ಒಳಗೆ ಹರಿಯುವ ಒತ್ತಡವನ್ನೇ ವಾಹಕ ಬಳಸಿಕೊಳ್ಳುತ್ತದೆ. ಒಳಗೆ ಬಂದ ಸೋಡಿಯಂ ಅನ್ನು ಮತ್ತೆ ಹೊರಕ್ಕೆ ತಳ್ಳುವ ಕೆಲಸ ಪೊರೆಯಲ್ಲಿರುವ ಇನ್ನೊಂದು ಪಂಪ್‌ನದು.

ಇನ್ಸುಲಿನ್ ಈ ಕಥೆಗೆ ಬರುವುದು ಇಲ್ಲಿ. ಕಾರ್ಬೋಹೈಡ್ರೇಟ್ ತಿಂದಾಗ ಏರುವ ಇನ್ಸುಲಿನ್ ಸೋಡಿಯಂ ಪಂಪ್ ಅನ್ನು ಚುರುಕುಗೊಳಿಸುತ್ತದೆ. ಪಂಪ್ ಚುರುಕಾದರೆ ಒಳಗಿನ ಸೋಡಿಯಂ ಇನ್ನಷ್ಟು ಇಳಿಯುತ್ತದೆ, ವಾಹಕಕ್ಕೆ ಸಿಗುವ ಎಳೆತ ಹೆಚ್ಚುತ್ತದೆ. ಸಕ್ಕರೆ ಮತ್ತು ಕ್ರಿಯಾಟಿನ್ ನಡುವಿನ ನಂಟಿಗೆ ಕೊಡುವ ಮುಖ್ಯ ವಿವರಣೆ ಇದು. ಸಕ್ಕರೆ ಕ್ರಿಯಾಟಿನ್ ಅನ್ನು ಹೊತ್ತೊಯ್ಯುವುದಿಲ್ಲ, ಇನ್ಸುಲಿನ್‌ನ ಮೂಲಕ ವಾಹಕದ ಕೆಲಸವನ್ನು ಹಗುರ ಮಾಡುತ್ತದೆ ಅಷ್ಟೆ.

ಇದರಿಂದ ಎರಡು ವಿಷಯ ಹೊರಡುತ್ತವೆ. ಮೊದಲನೆಯದು, ಇನ್ಸುಲಿನ್ ಉಪವಾಸದ ಮಟ್ಟದಲ್ಲಿದ್ದಾಗಲೂ ವಾಹಕ ಕೆಲಸ ಮಾಡುತ್ತಲೇ ಇರುತ್ತದೆ. ಖಾಲಿ ಹೊಟ್ಟೆಯಲ್ಲಿ ರಕ್ತದಲ್ಲಿ ಲೀಟರಿಗೆ 50ರಿಂದ 100 ಮೈಕ್ರೋಮೋಲ್‌ನಷ್ಟಿರುವ ಕ್ರಿಯಾಟಿನ್, ಐದು ಗ್ರಾಂ ಪುಡಿ ಕುಡಿದ ಒಂದು ಗಂಟೆಯಲ್ಲಿ 800ರ ಸಮೀಪಕ್ಕೆ ಏರುತ್ತದೆ. ವಾಹಕವನ್ನು ಪೂರ್ತಿ ಕೆಲಸಕ್ಕೆ ಹಚ್ಚಲು ಇಷ್ಟು ಧಾರಾಳ. ಎರಡನೆಯದು, ಒಳಗಿನ ಕ್ರಿಯಾಟಿನ್ ಹೆಚ್ಚಿದಂತೆ ವಾಹಕದ ವೇಗ ತಗ್ಗುತ್ತದೆ. ಖಾಲಿ ಇರುವ ಸ್ನಾಯು ಬೇಗ ಎಳೆದುಕೊಳ್ಳುತ್ತದೆ, ತುಂಬುತ್ತ ಬಂದದ್ದು ನಿಧಾನವಾಗಿ. ಕೊನೆಯ ಮಟ್ಟವನ್ನು ಗೊತ್ತುಮಾಡುವುದು ಮುಖ್ಯವಾಗಿ ಈ ತಡೆ. ನಲ್ಲಿ ಜೋರಾಗಿ ಬಿಟ್ಟರೂ ಸಣ್ಣಗೆ ಬಿಟ್ಟರೂ ತೊಟ್ಟಿ ತುಂಬುವುದು ಅದರ ಅಂಚಿನವರೆಗೆ ಮಾತ್ರ ಎಂಬಂತೆ.

ಸಕ್ಕರೆಯ ಲಾಭ ತೋರಿಸಿದ ಪ್ರಯೋಗ

ಸಕ್ಕರೆಯ ವಾದಕ್ಕೆ ಆಧಾರವಾದದ್ದು ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ಗ್ರೀನ್, ಗ್ರೀನ್‌ಹಾಫ್ ಮತ್ತು ಸಂಗಡಿಗರು ನಡೆಸಿ 1996ರಲ್ಲಿ ಪ್ರಕಟಿಸಿದ ಅಧ್ಯಯನ. ಒಂದು ಗುಂಪಿನ ಗಂಡಸರು ಐದು ದಿನ, ದಿನಕ್ಕೆ ನಾಲ್ಕು ಬಾರಿ ಐದೈದು ಗ್ರಾಂ ಕ್ರಿಯಾಟಿನ್ ತೆಗೆದುಕೊಂಡರು. ಇನ್ನೊಂದು ಗುಂಪು ಅಷ್ಟೇ ಕ್ರಿಯಾಟಿನ್ ಜೊತೆಗೆ ಪ್ರತಿ ಬಾರಿಯೂ 93 ಗ್ರಾಂ ಸರಳ ಕಾರ್ಬೋಹೈಡ್ರೇಟ್ ಇರುವ ಪಾನೀಯ ಕುಡಿಯಿತು. ಐದು ದಿನಗಳ ನಂತರ ತೊಡೆಯ ಸ್ನಾಯುವಿನ ಚೂರು ತೆಗೆದು ನೋಡಿದಾಗ, ಪಾನೀಯ ಕುಡಿದವರಲ್ಲಿ ಕ್ರಿಯಾಟಿನ್ ಏರಿಕೆ ಬರಿಯ ಪುಡಿ ತಿಂದವರದಕ್ಕಿಂತ ನೂರಕ್ಕೆ 60ರಷ್ಟು ಹೆಚ್ಚಿತ್ತು.

ಈ ಅಂಕಿಯನ್ನು ಓದುವಾಗ ಮೂರು ಸಂಗತಿ ಗಮನದಲ್ಲಿರಬೇಕು. 60 ಎಂಬುದು ಏರಿಕೆಗಳ ನಡುವಿನ ವ್ಯತ್ಯಾಸವೇ ಹೊರತು ಒಟ್ಟು ದಾಸ್ತಾನಿನದಲ್ಲ. ಬರಿಯ ಪುಡಿ ತಿಂದವರಲ್ಲೂ ದಾಸ್ತಾನು ಸ್ಪಷ್ಟವಾಗಿ ಏರಿತ್ತು. ಎರಡನೆಯದಾಗಿ, ಪ್ರಯೋಗ ಐದೇ ದಿನದ್ದು. ಐದು ದಿನಗಳಲ್ಲಿ ಹಿಂದೆ ಬಿದ್ದವರು ಐದು ವಾರಗಳ ನಂತರವೂ ಹಿಂದೆಯೇ ಇರುತ್ತಾರೆ ಎಂದು ಅದು ಹೇಳುವುದಿಲ್ಲ. ಮೂರನೆಯದು ಸಕ್ಕರೆಯ ಪ್ರಮಾಣ. ದಿನಕ್ಕೆ ನಾಲ್ಕು ಬಾರಿ 93 ಗ್ರಾಂ ಎಂದರೆ 372 ಗ್ರಾಂ, ಸುಮಾರು 1,500 ಕ್ಯಾಲೊರಿ. ಕೀಟೋ ಆಹಾರದವರಿಗೆ ಅದರಲ್ಲಿ ಒಂದು ಲೋಟವೇ ಇಡೀ ದಿನದ ಮಿತಿಯನ್ನು ಮೀರಿಸುತ್ತದೆ.

ಹಾಗಾದರೆ ಸ್ವಲ್ಪವೇ ಸಕ್ಕರೆ ಸಾಲದೇ? ಈ ಪ್ರಶ್ನೆಗೆ ಅದೇ ತಂಡದ ಸ್ಟೀಂಗೆ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಉತ್ತರವಿದೆ. ಅವರು ಸಕ್ಕರೆಯನ್ನು ಬದಿಗಿಟ್ಟು, ಏಳು ಗಂಡಸರಿಗೆ ನಾಲ್ಕು ಬೇರೆ ಬೇರೆ ದಿನ ನೇರವಾಗಿ ರಕ್ತನಾಳಕ್ಕೆ ಇನ್ಸುಲಿನ್ ಹರಿಸಿದರು. ಪ್ರತಿ ದಿನವೂ ಇನ್ಸುಲಿನ್ ಪ್ರಮಾಣ ಬೇರೆ, ಕ್ರಿಯಾಟಿನ್ ಮಾತ್ರ ಅಷ್ಟೇ: 12.4 ಗ್ರಾಂ. ರಕ್ತದ ಸಕ್ಕರೆ ಇಳಿಯದಂತೆ ಗ್ಲೂಕೋಸ್ ಕೊಡುತ್ತ ಐದು ಗಂಟೆ ಕಾದು ಸ್ನಾಯುವನ್ನು ಪರೀಕ್ಷಿಸಿದರು. ಕಡಿಮೆ ಇನ್ಸುಲಿನ್‌ನ ಎರಡು ದಿನ ಸ್ನಾಯುವಿನ ಕ್ರಿಯಾಟಿನ್‌ನಲ್ಲಿ ಎದ್ದು ಕಾಣುವ ಏರಿಕೆಯಿರಲಿಲ್ಲ. ಹೆಚ್ಚಿನ ಎರಡು ಪ್ರಮಾಣಗಳಲ್ಲಿ ಅದು ಕಿಲೋಗೆ 4.5 ಮತ್ತು 8.3 ಮಿಲಿಮೋಲ್ ಏರಿತು. ಅಂದರೆ ಇನ್ಸುಲಿನ್ ಸಹಾಯ ಮಾಡುವುದು ಅದು ದೊಡ್ಡ ಸಿಹಿ ಊಟದ ಮಟ್ಟಕ್ಕೆ ಅಥವಾ ಅದಕ್ಕೂ ಮೇಲೆ ಏರಿದಾಗ ಮಾತ್ರ. ಒಂದು ಚಮಚ ಸಕ್ಕರೆಯನ್ನೋ ಅರ್ಧ ಬಾಳೆಹಣ್ಣನ್ನೋ ಸೇರಿಸಿಕೊಳ್ಳುವ ಕೀಟೋ ರಾಜಿ ಹಾಗಾಗಿ ಹೆಚ್ಚಿನ ಫಲ ಕೊಡಲಾರದು. ಆಹಾರ ಕ್ರಮವೂ ಕೆಡುತ್ತದೆ, ಇನ್ಸುಲಿನ್ ಬೇಕಾದಷ್ಟು ಏರುವುದೂ ಇಲ್ಲ.

ಇದೇ ಅಂಶಕ್ಕೆ ಇನ್ನೊಂದು ಮುಖವೂ ಇದೆ. ಕಡಿಮೆ ಇನ್ಸುಲಿನ್‌ನ ದಿನ ಐದು ಗಂಟೆಗಳಲ್ಲಿ ಏರಿಕೆ ಕಾಣದಿದ್ದುದಕ್ಕೆ ಏನೂ ಒಳಗೆ ಹೋಗಲಿಲ್ಲ ಎಂದು ಅರ್ಥವಲ್ಲ. ಅಷ್ಟು ಕಿರಿದಾದ ಅವಧಿಯ ಸಣ್ಣ ಬದಲಾವಣೆ ಸೂಜಿ ಬಯಾಪ್ಸಿಯ ಅಳತೆಗೆ ಸಿಗುವುದು ಕಷ್ಟ. ಅಂಥ ಸಣ್ಣ ಏರಿಕೆಗಳು ದಿನದಿಂದ ದಿನಕ್ಕೆ ಕೂಡಿಕೊಂಡರೆ ಏನಾಗುತ್ತದೆ ಎಂಬುದನ್ನು ಬೇರೆ ಪ್ರಯೋಗಗಳು ತೋರಿಸಿವೆ.

ನಿಧಾನ ದಾರಿ ತಲುಪುವುದು ಎಲ್ಲಿಗೆ?

ಸ್ವೀಡನ್ನಿನ ಎರಿಕ್ ಹುಲ್ಟ್‌ಮನ್ ಮತ್ತು ಸಂಗಡಿಗರು 1996ರಲ್ಲಿಯೇ ಎರಡು ಕ್ರಮಗಳನ್ನು ಹೋಲಿಸಿದರು. ಒಂದರಲ್ಲಿ ಆರು ದಿನ, ದಿನಕ್ಕೆ 20 ಗ್ರಾಂ. ಇನ್ನೊಂದರಲ್ಲಿ 28 ದಿನ, ದಿನಕ್ಕೆ ಮೂರೇ ಗ್ರಾಂ. ಮೊದಲನೆಯ ಕ್ರಮದಲ್ಲಿ ಸ್ನಾಯುವಿನ ಕ್ರಿಯಾಟಿನ್ ಆರು ದಿನಗಳಲ್ಲೇ ನೂರಕ್ಕೆ 20ರಷ್ಟು ಏರಿತು. ಎರಡನೆಯದರಲ್ಲಿ ಏರಿಕೆ ನಿಧಾನ, ಆದರೆ ನಾಲ್ಕು ವಾರ ಮುಗಿಯುವ ಹೊತ್ತಿಗೆ ಅದೂ ಅದೇ 20ಕ್ಕೆ ಬಂದು ನಿಂತಿತು. ಏರಿದ ಮಟ್ಟವನ್ನು ಉಳಿಸಿಕೊಳ್ಳಲು ಆಮೇಲೆ ದಿನಕ್ಕೆ ಎರಡು ಗ್ರಾಂ ಸಾಕಾಯಿತು. ಪುಡಿ ನಿಲ್ಲಿಸಿದವರ ಮಟ್ಟ ಒಂದು ತಿಂಗಳ ಸುಮಾರಿಗೆ ಹಿಂದಿನ ಸ್ಥಿತಿಗೆ ಇಳಿಯಿತು.

ವೇಗ ಬದಲಾದರೂ ತಲುಪುವ ಮಟ್ಟ ಬದಲಾಗುವುದಿಲ್ಲ ಎಂಬುದನ್ನು ಈ ಪ್ರಯೋಗ ತೋರಿಸುತ್ತದೆ. ಮೂರು ಗ್ರಾಂ ಕ್ರಮದಲ್ಲಿ ವೇಗ ಕಡಿಮೆಯಾದದ್ದು ಪುಡಿ ಕಡಿಮೆಯಿದ್ದುದರಿಂದ. ಕೀಟೋ ಆಹಾರದಲ್ಲಿ ಕಡಿಮೆಯಾಗುವುದು ಇನ್ಸುಲಿನ್ ಏರಿಳಿತ ಇಲ್ಲದಿರುವುದರಿಂದ. ಕಾರಣ ಬೇರೆಯಾದರೂ ಎರಡೂ ಕಡೆ ಮೇಲಂಚನ್ನು ಗೊತ್ತುಮಾಡುವುದು ಸ್ನಾಯುವಿನೊಳಗಿನ ತಡೆ ಮತ್ತು ದಿನದ ನಷ್ಟ. ಆ ಎರಡೂ ಕಾರ್ಬೋಹೈಡ್ರೇಟ್‌ ಅನ್ನು ಅವಲಂಬಿಸಿಲ್ಲ.

ಇದನ್ನು ಒಂದು ಅಂದಾಜು ಲೆಕ್ಕದಲ್ಲಿ ನೋಡಬಹುದು. 70 ಕಿಲೋ ತೂಗುವ, ಪನೀರು, ತೆಂಗಿನಕಾಯಿ, ಬೆಣ್ಣೆ, ಸೊಪ್ಪು, ಬೀಜಗಳ ಮೇಲೆ ಕೀಟೋ ನಡೆಸುತ್ತಿರುವ ಸಸ್ಯಾಹಾರಿ ಗಂಡಸು ಒಬ್ಬನನ್ನು ತೆಗೆದುಕೊಳ್ಳೋಣ. ಅವನ ದಾಸ್ತಾನು 105 ಗ್ರಾಂ, ತುಂಬಿದಾಗ 140 ಗ್ರಾಂ ಎಂದಿಟ್ಟುಕೊಂಡರೆ ಸೇರಬೇಕಾದದ್ದು 35 ಗ್ರಾಂ. ದಿನಕ್ಕೆ ಐದು ಗ್ರಾಂ ಕ್ರಿಯಾಟಿನ್ ಮೊನೊಹೈಡ್ರೇಟ್ ಪುಡಿ. ಪುಡಿಯ ಅಣುವಿನಲ್ಲಿ ನೀರೂ ಸೇರಿರುವುದರಿಂದ ಅದರಲ್ಲಿರುವ ಕ್ರಿಯಾಟಿನ್ 4.4 ಗ್ರಾಂ. ಹೊರಗಿನಿಂದ ಕ್ರಿಯಾಟಿನ್ ಬರತೊಡಗಿದಾಗ ದೇಹ ತನ್ನ ಉತ್ಪಾದನೆಯನ್ನು ತಗ್ಗಿಸುತ್ತದೆ. ಅದು ಅರ್ಧ ಗ್ರಾಂಗೆ ಇಳಿಯಿತು ಎನ್ನೋಣ. ತುಂಬುವ ಅವಧಿಯಲ್ಲಿ ದಿನದ ನಷ್ಟ ಸರಾಸರಿ 2.1 ಗ್ರಾಂ.

ಪುಡಿಯ ನಾಲ್ಕರಲ್ಲಿ ಮೂರು ಪಾಲು ಸ್ನಾಯುವಿಗೆ ಸೇರಿದರೆ ಅದು 3.3 ಗ್ರಾಂ. ದೇಹದ್ದೇ ಆದ ಅರ್ಧ ಗ್ರಾಂ ಕೂಡಿಸಿ ನಷ್ಟ ಕಳೆದರೆ ದಿನಕ್ಕೆ 1.7 ಗ್ರಾಂ ಉಳಿತಾಯ. 35 ಗ್ರಾಂ ತುಂಬಲು ಮೂರು ವಾರ. ಇನ್ಸುಲಿನ್ ಕಡಿಮೆಯಿರುವ ಕಾರಣ ಸೇರುವುದು ನೂರಕ್ಕೆ 60 ಮಾತ್ರ ಎಂದುಕೊಂಡರೆ 2.6 ಗ್ರಾಂ, ಉಳಿತಾಯ ಒಂದು ಗ್ರಾಂ, ತುಂಬಲು ಐದು ವಾರ. ನಿಜವಾದ ದೇಹದಲ್ಲಿ ಈ ಪಾಲುಗಳು ದಿನದಿನವೂ ಬದಲಾಗುತ್ತವೆ, ಮೊದಲ ದಿನಗಳಲ್ಲಿ ಹೆಚ್ಚು, ಆಮೇಲೆ ಕಡಿಮೆ. ಆದರೂ ವ್ಯತ್ಯಾಸದ ಗಾತ್ರ ಈ ಲೆಕ್ಕದಿಂದ ತಿಳಿಯುತ್ತದೆ: ಎರಡು ವಾರದ ಆಚೀಚೆ.

ಒಮ್ಮೆ ತುಂಬಿದ ಮೇಲೆ ಕೀಟೋದವರಿಗೂ ಉಳಿದವರಿಗೂ ಭೇದ ಬಹುಮಟ್ಟಿಗೆ ಅಳಿಸಿಹೋಗುತ್ತದೆ. 140 ಗ್ರಾಂ ದಾಸ್ತಾನಿನಿಂದ ದಿನಕ್ಕೆ ಕಳೆಯುವುದು 2.4 ಗ್ರಾಂ. ಅರ್ಧ ಗ್ರಾಂ ದೇಹವೇ ಕೊಟ್ಟರೆ ಪುಡಿಯಿಂದ ಸೇರಬೇಕಾದದ್ದು 1.9 ಗ್ರಾಂ, ಅಂದರೆ ಕುಡಿದದ್ದರಲ್ಲಿ ಅರ್ಧಕ್ಕಿಂತ ಕಡಿಮೆ. ಅಷ್ಟನ್ನು ಇನ್ಸುಲಿನ್‌ನ ನೆರವಿಲ್ಲದೆಯೂ ಸ್ನಾಯು ಎಳೆದುಕೊಳ್ಳುತ್ತದೆ. ಉಳಿದದ್ದು ಮೂತ್ರದಲ್ಲಿ ಹೋಗುತ್ತದೆ. ಕೀಟೋ ಆಹಾರದವರು ಮೂರು ಗ್ರಾಂಗಿಂತ ಐದು ಗ್ರಾಂ ಆರಿಸಿಕೊಳ್ಳುವುದಕ್ಕೆ ಈ ಲೆಕ್ಕದಲ್ಲಿ ಕಾರಣವಿದೆ: ಸೇರುವ ಪಾಲು ಸ್ವಲ್ಪ ತಗ್ಗಿದರೂ ನಷ್ಟ ತುಂಬಿಕೊಳ್ಳಲು ಕೈಯಲ್ಲಿ ಹೆಚ್ಚುವರಿ ಇರುತ್ತದೆ.

ಸಕ್ಕರೆ ಇಲ್ಲದ ಇನ್ನೊಂದು ನೆರವು

ಪ್ರಯೋಗಗಳಲ್ಲಿ ಕಂಡ ಇನ್ನೊಂದು ನೆರವು ವ್ಯಾಯಾಮ. ರೋಜರ್ ಹ್ಯಾರಿಸ್, ಸೋಡರ್‌ಲುಂಡ್ ಮತ್ತು ಹುಲ್ಟ್‌ಮನ್ 1992ರಲ್ಲಿ ಪ್ರಕಟಿಸಿದ ಪ್ರಸಿದ್ಧ ಅಧ್ಯಯನದ ಒಂದು ಭಾಗದಲ್ಲಿ, ಕ್ರಿಯಾಟಿನ್ ತೆಗೆದುಕೊಳ್ಳುತ್ತಿದ್ದವರು ದಿನಕ್ಕೆ ಒಂದು ಗಂಟೆ ಒಂದೇ ಕಾಲಿನಿಂದ ಕಠಿಣ ವ್ಯಾಯಾಮ ಮಾಡಿದರು. ಎರಡೂ ಕಾಲಿಗೆ ಹೋಗುವ ರಕ್ತ ಒಂದೇ, ಅದರಲ್ಲಿರುವ ಕ್ರಿಯಾಟಿನ್ ಮತ್ತು ಇನ್ಸುಲಿನ್ ಕೂಡ ಒಂದೇ. ಆದರೂ ವ್ಯತ್ಯಾಸ ಕಂಡಿತು. ಆರಂಭದಲ್ಲಿ 118 ಮಿಲಿಮೋಲ್ ಇದ್ದದ್ದು ಸುಮ್ಮನಿದ್ದ ಕಾಲಿನಲ್ಲಿ 148ಕ್ಕೆ, ದುಡಿದ ಕಾಲಿನಲ್ಲಿ 162ಕ್ಕೆ ಏರಿತು. ದುಡಿಯುವ ಸ್ನಾಯುವಿಗೆ ರಕ್ತದ ಹರಿವು ಹೆಚ್ಚುತ್ತದೆ, ಕೋಶದೊಳಗಿನ ಬದಲಾವಣೆಗಳು ವಾಹಕವನ್ನು ಚುರುಕಾಗಿಸುತ್ತವೆ.

ಕೀಟೋ ಆಹಾರದವರಿಗೆ ಈ ಫಲಿತಾಂಶ ಸಕ್ಕರೆಯ ಅಧ್ಯಯನಕ್ಕಿಂತ ಹೆಚ್ಚು ಉಪಯುಕ್ತ. ದಾಸ್ತಾನು ತುಂಬಬೇಕಾದ ಸ್ನಾಯುಗಳನ್ನು ದುಡಿಸಿದರೆ ಇನ್ಸುಲಿನ್‌ನಿಂದ ಸಿಗದ ವೇಗದ ಒಂದು ಭಾಗವಾದರೂ ಅಲ್ಲಿಂದ ಸಿಗುತ್ತದೆ. ಕಾಲಿನ ವ್ಯಾಯಾಮ ತೋಳಿಗೆ ಲಾಭ ತರುವುದಿಲ್ಲ ಎಂಬುದೂ ಈ ಪ್ರಯೋಗದಿಂದಲೇ ಗೊತ್ತಾಗುವ ಮಾತು. ಆದ್ದರಿಂದ ವಾರದಲ್ಲಿ ದೇಹದ ಎಲ್ಲ ದೊಡ್ಡ ಸ್ನಾಯುಗಳಿಗೂ ಸರದಿಯಲ್ಲಿ ಕೆಲಸ ಸಿಗಬೇಕು.

ಪ್ರೋಟೀನ್ ಕುರಿತು ಒಂದು ತಪ್ಪು ತಿಳಿವಳಿಕೆ ಬಳಕೆಯಲ್ಲಿದೆ. ಸ್ಟೀಂಗೆ ಮತ್ತು ಸಂಗಡಿಗರು 2000ದಲ್ಲಿ ಸುಮಾರು 50 ಗ್ರಾಂ ಪ್ರೋಟೀನ್ ಮತ್ತು 47 ಗ್ರಾಂ ಕಾರ್ಬೋಹೈಡ್ರೇಟ್ ಬೆರೆಸಿ ಕೊಟ್ಟಾಗ, ಅದರ ಎರಡರಷ್ಟು ಕಾರ್ಬೋಹೈಡ್ರೇಟ್ ಕೊಟ್ಟಷ್ಟೇ ಕ್ರಿಯಾಟಿನ್ ದೇಹದಲ್ಲಿ ಉಳಿಯಿತು. ಪ್ರೋಟೀನ್ ಇದ್ದರೆ ಸಾಕು, ಕಾರ್ಬೋಹೈಡ್ರೇಟ್ ಬೇಡ ಎಂದು ಇದನ್ನು ಉದಾಹರಿಸುವುದುಂಟು. ಪ್ರಯೋಗ ಹಾಗೆ ಹೇಳುವುದಿಲ್ಲ. ಅಲ್ಲಿ ಪ್ರತಿ ಬಾರಿಯೂ 47 ಗ್ರಾಂ ಕಾರ್ಬೋಹೈಡ್ರೇಟ್ ಇತ್ತು, ಅದೂ ಕೀಟೋದ ದಿನದ ಮಿತಿಯಷ್ಟೇ. ಪನೀರು, ಮೊಟ್ಟೆ, ಮಾಂಸ ಅಥವಾ ಹಾಲಿನ ಪ್ರೋಟೀನ್ ಪುಡಿ ಇರುವ ಊಟ ಇನ್ಸುಲಿನ್ ಅನ್ನು ಸಾಧಾರಣವಾಗಿ ಏರಿಸುತ್ತದೆ. ದಿನದ ದೊಡ್ಡ ಊಟದ ಜೊತೆ ಕ್ರಿಯಾಟಿನ್ ಕುಡಿಯುವುದರಿಂದ ನಷ್ಟವೇನಿಲ್ಲ, ಆದರೆ ಅದರಿಂದ ಸಕ್ಕರೆ ಪಾನೀಯದಷ್ಟು ವೇಗವನ್ನು ನಿರೀಕ್ಷಿಸಬಾರದು.

ಉಪ್ಪಿನ ವಿಚಾರ

ಕೀಟೋ ಆರಂಭಿಸಿದವರ ದೇಹದಿಂದ ಮೊದಲ ದಿನಗಳಲ್ಲಿ ಉಪ್ಪು ಮತ್ತು ನೀರು ಹೆಚ್ಚಾಗಿ ಹೊರಹೋಗುತ್ತವೆ. ಇನ್ಸುಲಿನ್ ಇಳಿದಾಗ ಮೂತ್ರಪಿಂಡ ಸೋಡಿಯಂ ಅನ್ನು ಹಿಡಿದಿಟ್ಟುಕೊಳ್ಳುವುದು ಕಡಿಮೆಯಾಗುತ್ತದೆ. ತಲೆಸುತ್ತು, ಸುಸ್ತು, ತಲೆನೋವು ಕಾಣಿಸಿಕೊಳ್ಳುವುದಕ್ಕೆ ಇದು ಮುಖ್ಯ ಕಾರಣ. ವಾಹಕಕ್ಕೆ ಸೋಡಿಯಂ ಬೇಕಾದ್ದರಿಂದ ಉಪ್ಪಿನ ಕೊರತೆಯಲ್ಲಿ ಕ್ರಿಯಾಟಿನ್ ಒಳಗೆ ಹೋಗುವುದಿಲ್ಲ ಎಂಬ ತರ್ಕ ಇಲ್ಲಿಂದ ಹುಟ್ಟುತ್ತದೆ.

ಕೇಳಲು ಸರಿಯೆನಿಸಿದರೂ ಈ ತರ್ಕ ಒಂದು ವಿಷಯವನ್ನು ಬಿಟ್ಟಿದೆ. ವಾಹಕಕ್ಕೆ ಲೆಕ್ಕಕ್ಕೆ ಬರುವುದು ಕೋಶದ ಹೊರಗಿನ ದ್ರವದಲ್ಲಿ ಸೋಡಿಯಂನ ಸಾಂದ್ರತೆ. ಅದನ್ನು ದೇಹ ಲೀಟರಿಗೆ 135ರಿಂದ 145 ಮಿಲಿಮೋಲ್‌ನ ಇಕ್ಕಟ್ಟಾದ ಮಿತಿಯಲ್ಲಿ ಕಾಯ್ದುಕೊಳ್ಳುತ್ತದೆ. ಸೋಡಿಯಂ ಕಳೆದುಹೋದಾಗ ಜೊತೆಗೆ ನೀರೂ ಹೋಗುವುದರಿಂದ ಒಟ್ಟು ದ್ರವ ಕಡಿಮೆಯಾಗುತ್ತದೆ, ಸಾಂದ್ರತೆ ಅಷ್ಟಾಗಿ ಬದಲಾಗುವುದಿಲ್ಲ. ಕೀಟೋದಲ್ಲಿ ಉಪ್ಪು ಬೇಕಾಗುವುದು ರಕ್ತದೊತ್ತಡ ಕುಸಿಯದಂತೆ, ವ್ಯಾಯಾಮ ಮಾಡುವ ಶಕ್ತಿ ಉಳಿಯುವಂತೆ ನೋಡಿಕೊಳ್ಳಲು. ಕ್ರಿಯಾಟಿನ್ ಒಳಸೇರಿಸಲೆಂದು ಬೇರೆಯಾಗಿ ಉಪ್ಪು ತಿನ್ನಬೇಕಾಗಿಲ್ಲ.

ಎಲ್ಲಿಂದ ಆರಂಭ ಎಂಬುದೇ ಮುಖ್ಯ

ಕ್ರಿಯಾಟಿನ್‌ಗೆ ಯಾರು ಎಷ್ಟು ಸ್ಪಂದಿಸುತ್ತಾರೆ ಎಂಬುದನ್ನು ಊಟದ ಕಾರ್ಬೋಹೈಡ್ರೇಟ್‌ಗಿಂತ ಹೆಚ್ಚಾಗಿ ತೀರ್ಮಾನಿಸುವುದು ಆರಂಭದ ಮಟ್ಟ. 1992ರ ಅಧ್ಯಯನದಲ್ಲೇ ಇದು ಕಂಡಿತ್ತು: ಕಡಿಮೆ ದಾಸ್ತಾನಿನಿಂದ ಹೊರಟವರಲ್ಲಿ ಏರಿಕೆ ದೊಡ್ಡದು, ಮೊದಲೇ ಹೆಚ್ಚಿದ್ದವರಲ್ಲಿ ಚಿಕ್ಕದು. ಕೀಟೋ ಆಹಾರದಲ್ಲಿ ಈ ಆರಂಭದ ಮಟ್ಟ ಎರಡು ದಿಕ್ಕಿಗೆ ಹೋಗಬಹುದು. ದಿನಕ್ಕೆ ಅರ್ಧ ಕಿಲೋ ಮಾಂಸ, ಮೀನು ತಿನ್ನುವವರು ಎರಡು ಗ್ರಾಂನಷ್ಟು ಕ್ರಿಯಾಟಿನ್ ಅನ್ನು ತಟ್ಟೆಯಿಂದಲೇ ಪಡೆಯುತ್ತಾರೆ. ಬೇಯಿಸುವಾಗ ಅದರಲ್ಲಿ ಸ್ವಲ್ಪ ನಷ್ಟವಾದರೂ ಅವರ ದಾಸ್ತಾನು ಮೊದಲೇ ಮೇಲಿನ ಮಟ್ಟದಲ್ಲಿರುತ್ತದೆ. ಪುಡಿಯಿಂದ ಅವರಿಗೆ ಹೆಚ್ಚು ಬದಲಾವಣೆ ಕಾಣದಿದ್ದರೆ ಅದು ಸಕ್ಕರೆ ಇಲ್ಲದ್ದರಿಂದಲ್ಲ, ಸ್ನಾಯುವಿನಲ್ಲಿ ಜಾಗ ಇಲ್ಲದ್ದರಿಂದ. ಕರ್ನಾಟಕದ ಎಷ್ಟೋ ಮನೆಗಳಂತೆ ಮಾಂಸ, ಮೀನಿಲ್ಲದೆ ಕೀಟೋ ನಡೆಸುವವರದು ಇದಕ್ಕೆ ತದ್ವಿರುದ್ಧ. ಅವರಿಗೆ ಪುಡಿಯೇ ಹೊರಗಿನ ಏಕೈಕ ದೊಡ್ಡ ಮೂಲ, ತುಂಬಬೇಕಾದ ಜಾಗವೂ ಹೆಚ್ಚು.

ತಕ್ಕಡಿ ಮತ್ತು ರಕ್ತಪರೀಕ್ಷೆಯನ್ನು ಓದುವ ಬಗೆ

ದಾಸ್ತಾನು ತುಂಬಿತೇ ಎಂದು ಮನೆಯಲ್ಲಿ ಅಳೆಯುವ ಸಾಧನವಿಲ್ಲ. ಜನ ನೋಡುವುದು ತಕ್ಕಡಿಯನ್ನು. ಕ್ರಿಯಾಟಿನ್ ಕೋಶದೊಳಗೆ ನೀರನ್ನೂ ಸೆಳೆಯುವುದರಿಂದ ದಿನಕ್ಕೆ 20 ಗ್ರಾಂ ತೆಗೆದುಕೊಂಡವರ ತೂಕ ಒಂದು ವಾರದಲ್ಲಿ ಒಂದರಿಂದ ಎರಡು ಕಿಲೋ ಏರುವುದುಂಟು. ಕೀಟೋದ ಮೊದಲ ವಾರದಲ್ಲಿ ನಡೆಯುವುದು ಇದಕ್ಕೆ ಉಲ್ಟಾ. ಸ್ನಾಯು ಮತ್ತು ಯಕೃತ್ತಿನ ಗ್ಲೈಕೋಜನ್ ಕರಗುತ್ತದೆ, ಅದರ ಜೊತೆಗಿದ್ದ ನೀರು ಹೊರಹೋಗುತ್ತದೆ, ತೂಕ ಅಷ್ಟೇ ಪ್ರಮಾಣದಲ್ಲಿ ಇಳಿಯಬಹುದು. ಎರಡನ್ನೂ ಒಂದೇ ವಾರ ಆರಂಭಿಸಿದರೆ ಒಂದು ಇನ್ನೊಂದನ್ನು ಮುಚ್ಚಿಹಾಕುತ್ತದೆ. ತೂಕ ಏರದ್ದನ್ನು ನೋಡಿ ಕ್ರಿಯಾಟಿನ್ ಸೇರಲಿಲ್ಲ ಎಂದೋ, ಇಳಿಯದ್ದನ್ನು ನೋಡಿ ಕೀಟೋ ಫಲಿಸಲಿಲ್ಲ ಎಂದೋ ತಪ್ಪು ತೀರ್ಮಾನಕ್ಕೆ ಬರುವುದು ಸುಲಭ. ಮೂರು ನಾಲ್ಕು ವಾರ ಕೀಟೋ ನಡೆಸಿ, ತೂಕ ಒಂದು ಹದಕ್ಕೆ ಬಂದ ಮೇಲೆ ಕ್ರಿಯಾಟಿನ್ ಆರಂಭಿಸಿದರೆ ಎರಡರ ಪರಿಣಾಮವನ್ನೂ ಬೇರೆ ಬೇರೆಯಾಗಿ ನೋಡಬಹುದು. ದಿನಕ್ಕೆ ಐದೇ ಗ್ರಾಂ ತೆಗೆದುಕೊಳ್ಳುವವರಲ್ಲಿ ನೀರು ನಿಧಾನವಾಗಿ ಸೇರುವುದರಿಂದ ತಕ್ಕಡಿ ಏನನ್ನೂ ತೋರಿಸದೆಯೂ ಇರಬಹುದು.

ಇನ್ನೂ ನಂಬಿಕೆಯ ಗುರುತು ವ್ಯಾಯಾಮದ ಟಿಪ್ಪಣಿ ಪುಸ್ತಕದಲ್ಲಿ ಸಿಗುತ್ತದೆ. ಒಂದೇ ಭಾರವನ್ನು ಎಷ್ಟು ಸಲ ಎತ್ತಲಾಯಿತು, ಎರಡು ಮೂರು ನಿಮಿಷದ ವಿಶ್ರಾಂತಿಯ ನಂತರ ಮತ್ತೆ ಅಷ್ಟೇ ಸಲ ಎತ್ತಲಾಯಿತೇ ಎಂಬುದನ್ನು ವಾರಗಟ್ಟಲೆ ಬರೆದಿಟ್ಟರೆ ಬದಲಾವಣೆ ಕಾಣುತ್ತದೆ. ವಿಶ್ರಾಂತಿಯಲ್ಲಿ ಫಾಸ್ಫೋಕ್ರಿಯಾಟಿನ್ ಮತ್ತೆ ತಯಾರಾಗಲು ಬೇಕಾದ ಶಕ್ತಿಯನ್ನು ಸ್ನಾಯು ಆಮ್ಲಜನಕ ಬಳಸಿ ಉತ್ಪಾದಿಸುತ್ತದೆ, ಅದಕ್ಕೆ ಕೊಬ್ಬು ಇಂಧನವಾದರೂ ಸರಿಯೇ. ಹಾಗಾಗಿ ಕಾರ್ಬೋಹೈಡ್ರೇಟ್ ಕಡಿಮೆಯಿದ್ದರೂ ತುಂಬಿದ ದಾಸ್ತಾನು ಕೆಲಸಕ್ಕೆ ಬರುತ್ತದೆ. ಆದರೆ ಅರ್ಧ ನಿಮಿಷಕ್ಕಿಂತ ಹೆಚ್ಚು ಕಾಲ ಪೂರ್ಣ ಬಲದಿಂದ ನಡೆಯುವ ಶ್ರಮಕ್ಕೆ ಗ್ಲೈಕೋಜನ್ ಬೇಕು. ಅದರ ಕೊರತೆಯನ್ನು ಕ್ರಿಯಾಟಿನ್ ತುಂಬಿಕೊಡಲಾರದು.

ರಕ್ತಪರೀಕ್ಷೆಯಲ್ಲಿ ಬರುವ ಗೊಂದಲ ಇನ್ನೊಂದು ಬಗೆಯದು. ಮೂತ್ರಪಿಂಡದ ಕಾರ್ಯವನ್ನು ಅಂದಾಜು ಮಾಡುವುದು ರಕ್ತದ ಕ್ರಿಯಾಟಿನಿನ್ ಮಟ್ಟದಿಂದ. ದಾಸ್ತಾನು ಹೆಚ್ಚಿದರೆ ಅದರಿಂದ ಹುಟ್ಟುವ ಕ್ರಿಯಾಟಿನಿನ್ ಕೂಡ ಸ್ವಲ್ಪ ಹೆಚ್ಚುತ್ತದೆ, ಬೇಯಿಸಿದ ಮಾಂಸ ಹೆಚ್ಚು ತಿಂದರೂ ಹೆಚ್ಚುತ್ತದೆ. ಮೂತ್ರಪಿಂಡ ಚೆನ್ನಾಗಿದ್ದರೂ ವರದಿಯಲ್ಲಿ ಅದರ ಸಾಮರ್ಥ್ಯ ತಗ್ಗಿದಂತೆ ಕಾಣಬಹುದು. ಪುಡಿ ತೆಗೆದುಕೊಳ್ಳುತ್ತಿರುವುದನ್ನು ವೈದ್ಯರಿಗೆ ತಿಳಿಸಿದರೆ ಅವರು ಸ್ನಾಯುವಿನ ಕ್ರಿಯಾಟಿನ್‌ಗೆ ಸಂಬಂಧವಿಲ್ಲದ ಸಿಸ್ಟಾಟಿನ್ ಸಿ ಪರೀಕ್ಷೆಯಿಂದ ನಿಜಸ್ಥಿತಿ ತಿಳಿಯಬಹುದು. ಮೊದಲೇ ಮೂತ್ರಪಿಂಡದ ಕಾಯಿಲೆ ಇರುವವರು, ಸಕ್ಕರೆ ಕಾಯಿಲೆಗೆ ಔಷಧಿ ತೆಗೆದುಕೊಳ್ಳುತ್ತಿರುವವರು, ಮೂರ್ಛೆರೋಗದ ಚಿಕಿತ್ಸೆಯಾಗಿ ಕೀಟೋ ಆಹಾರದಲ್ಲಿರುವ ಮಕ್ಕಳು ವೈದ್ಯರ ಒಪ್ಪಿಗೆಯಿಲ್ಲದೆ ಈ ಪುಡಿಯನ್ನು ಆರಂಭಿಸಬಾರದು.

ತೆಗೆದುಕೊಳ್ಳುವ ಕ್ರಮ

ಅವಸರವಿಲ್ಲದ ಕೀಟೋ ಆಹಾರದವರಿಗೆ ದಿನಕ್ಕೆ ಐದು ಗ್ರಾಂ ಮೊನೊಹೈಡ್ರೇಟ್, ಐದಾರು ವಾರ ತಪ್ಪದೆ, ಎಂಬುದು ಸರಳ ಕ್ರಮ. ಬೇಗ ತುಂಬಬೇಕಾದವರು ಐದು ಗ್ರಾಂನಂತೆ ನಾಲ್ಕು ಬಾರಿ, ಐದರಿಂದ ಏಳು ದಿನ ತೆಗೆದುಕೊಂಡು ಆಮೇಲೆ ಐದು ಗ್ರಾಂಗೆ ಇಳಿಸಬಹುದು. ಸಕ್ಕರೆ ಪಾನೀಯದವರಷ್ಟು ಆ ವಾರದಲ್ಲಿ ತುಂಬದಿದ್ದರೂ ಉಳಿದದ್ದು ಮುಂದಿನ ವಾರಗಳಲ್ಲಿ ಸೇರುತ್ತದೆ. ಒಮ್ಮೆಗೇ ಹತ್ತು ಇಪ್ಪತ್ತು ಗ್ರಾಂ ಕುಡಿದರೆ ಹೊಟ್ಟೆ ಕೆಟ್ಟು ಭೇದಿಯಾಗುವುದು ಸಾಮಾನ್ಯ. ಹಾಗೆ ಹೊರಹೋದದ್ದು ಯಾವ ಸ್ನಾಯುವಿಗೂ ಸೇರುವುದಿಲ್ಲ.

ತಣ್ಣೀರಿನಲ್ಲಿ ಕ್ರಿಯಾಟಿನ್ ಕರಗುವುದು ಕಡಿಮೆ, ಲೀಟರಿಗೆ ಹದಿನಾಲ್ಕು ಗ್ರಾಂನ ಆಸುಪಾಸು. ಐದು ಗ್ರಾಂ ಪೂರ್ತಿ ಕರಗಲು ದೊಡ್ಡ ಲೋಟ ನೀರು ಬೇಕು, ಉಗುರುಬೆಚ್ಚಗಿದ್ದರೆ ಬೇಗ ಕರಗುತ್ತದೆ. ನಿಂಬೆರಸ, ಮಜ್ಜಿಗೆಯಂಥ ಹುಳಿ ದ್ರವದಲ್ಲಿ ಕಲಸಿ ಗಂಟೆಗಟ್ಟಲೆ ಇಟ್ಟರೆ ಕ್ರಿಯಾಟಿನ್ ಮೆಲ್ಲಗೆ ಕ್ರಿಯಾಟಿನಿನ್ ಆಗತೊಡಗುತ್ತದೆ. ಕಲಸಿದ ಕೂಡಲೇ ಕುಡಿದರೆ ಆ ಚಿಂತೆಯಿಲ್ಲ. ಶುದ್ಧ ಮೊನೊಹೈಡ್ರೇಟ್‌ನಲ್ಲಿ ಕಾರ್ಬೋಹೈಡ್ರೇಟ್ ಇರುವುದಿಲ್ಲ, ಅದು ಕೀಟೋಸಿಸ್ ಅನ್ನು ಕೆಡಿಸುವುದಿಲ್ಲ. ಆದರೆ ರುಚಿ ಸೇರಿಸಿ ಮಾರುವ ಕೆಲವು ಡಬ್ಬಿಗಳಲ್ಲಿ ಇನ್ಸುಲಿನ್ ಏರಿಸಲೆಂದೇ ಡೆಕ್ಸ್‌ಟ್ರೋಸ್ ಅಥವಾ ಮಾಲ್ಟೊಡೆಕ್ಸ್‌ಟ್ರಿನ್ ಬೆರೆಸಿರುತ್ತಾರೆ. ಡಬ್ಬಿಯ ಹಿಂಬದಿಯ ಪಟ್ಟಿಯಲ್ಲಿ ಈ ಹೆಸರುಗಳಿದ್ದರೆ ಅದು ಕೀಟೋ ಆಹಾರದವರಿಗೆ ತಕ್ಕದ್ದಲ್ಲ.